ಹುದಿಕೇರಿಯಿಂದ ಬಂದ ಬೆನ್ನುಡಿಯ ಕೋರಿಕೆ

ಮೂರು ವರ್ಷದ ಹಿಂದಿನ ಮಾತು. ಕಾಲೇಜಿನ ಕನ್ನಡ ಅಧ್ಯಾಪಕ ಹುದ್ದೆಯಿಂದ ನಿವೃತ್ತನಾಗಿ, ಸೋಮವಾರಪೇಟೆ ಬಸ್‌ಸ್ಟ್ಯಾಂಡಿನ ಬಳಿ ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ‘ಹಿರಿಯ ಸಾಹಿತಿ’ ಎಂಬ ಹುದ್ದೆಯನ್ನು ನಿರ್ವಹಿಸುತ್ತಿದ್ದೆ. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಈ ಹುದ್ದೆಯ ಮುಖ್ಯ ಕರ್ತವ್ಯ ಬೆನ್ನುಡಿ ಬರೆಯುವುದು. ಅಂದರೆ ಹೊಸಬರ ಪುಸ್ತಕದ ಹಿಂಬದಿಯಲ್ಲಿ ನಾಲ್ಕು ಒಳ್ಳೆಯ ಮಾತು ಬರೆದು ಕೆಳಗೆ ಹೆಸರು ಹಾಕುವುದು. ಅದುವರೆಗೆ ನಲವತ್ತೊಂದು ಬರೆದಿದ್ದೆ. ಪೂರ್ತಿ ಓದಿದ್ದು ಎಷ್ಟು ಎಂದು ದಯವಿಟ್ಟು ಯಾರೂ ಕೇಳಬಾರದು.

ಜೂನ್ ತಿಂಗಳ ಒಂದು ಬೆಳಿಗ್ಗೆ ಇಮೇಲ್ ಬಂತು. ಬರೆದವಳು ಪೊನ್ನಮ್ಮ, ಹುದಿಕೇರಿಯವಳು, ಆಸ್ಪತ್ರೆಯಲ್ಲಿ ನರ್ಸ್. ಏಳು ಕಥೆಗಳ ಮೊದಲ ಸಂಕಲನ, ನೂರಾ ಮೂವತ್ತೆರಡು ಪುಟ, ಪಿಡಿಎಫ್ ಲಗತ್ತಿಸಿದ್ದಳು. ಅರವತ್ತು ಪದ ಮೀರದ ಬೆನ್ನುಡಿ ಎರಡು ವಾರದೊಳಗೆ ಬೇಕಿತ್ತು. ಕೊನೆಯಲ್ಲಿ ಹೀಗಿತ್ತು: ‘ಓದಲು ಬಿಡುವಿಲ್ಲದಿದ್ದರೆ ಖಂಡಿತ ಇಲ್ಲ ಎನ್ನಿ ಸಾರ್, ಬೇಸರವಿಲ್ಲ.’

ಬಿಡುವು! ಆ ವಾರ ನನ್ನೊಡನೆ ಮಾತಾಡಿದ್ದು ಹಾಲಿನವನು ಮಾತ್ರ. ಅವನೂ ಆಡಿದ್ದು ‘ಅರ್ಧ ಲೀಟರಾ?’ ಎಂದಷ್ಟೇ. ಆದರೂ ಘನತೆಯ ಪ್ರಶ್ನೆ ನೋಡಿ, ಹನ್ನೆರಡು ದಿನ ಸುಮ್ಮನಿದ್ದು, ಹದಿಮೂರನೆಯ ಸಂಜೆ ಮೊದಲ ಪುಟ ಓದಿದೆ. ಬಸ್ಸಿನಲ್ಲಿ ಒಬ್ಬಳು ನರ್ಸ್, ಕಿಟಕಿಯಾಚೆ ಹೂಬಿಟ್ಟ ಕಾಫಿತೋಟ. ಸಾಕು. ‘ಕಾಫಿಹೂವಿನ ಘಮ, ತೋಟದ ಬದುಕಿನ ತಲ್ಲಣ’ ಎಂದು ಐವತ್ತೆಂಟು ಪದ ಬರೆದು ಕಳಿಸಿದೆ. ಕೊಡಗೆಂದರೆ ಬರೀ ಕಾಫಿ ಎನ್ನುವ ಹೊರಗಿನವರನ್ನು ವೇದಿಕೆಗಳ ಮೇಲೆ ಮೂವತ್ತು ವರ್ಷ ಬೈದವನು ನಾನು.

ಮರುದಿನ ಫೋನ್ ಬಂತು.

“ಸಾರ್, ಪೊನ್ನಮ್ಮ ಮಾತಾಡೋದು. ನನ್ನ ಪುಸ್ತಕದಲ್ಲಿ ತೋಟ ಇಲ್ಲ ಸಾರ್. ಬಸ್ಸಿನ ಕಿಟಕಿಯಲ್ಲಿ ಒಂದು ಸಲ ಕಾಣ್ತದೆ, ಅಷ್ಟೇ. ಆಮೇಲೆ ಏಳು ಕಥೆಯೂ ಆಸ್ಪತ್ರೆ ಒಳಗೇ ಉಂಟು.”

“ಎರಡು ಸಾಲು ತಿದ್ದಿಕೊಡ್ತೀನಮ್ಮ.”

“ಬೇಡ ಸಾರ್. ಓದಿ ಬರೆದದ್ದಾದ್ರೆ ಬೇಕು. ಇಲ್ಲದಿದ್ರೆ ಹಿಂಬದಿ ಖಾಲಿ ಇರ್ಲಿ.”

ಇಷ್ಟು ವಿನಯದಿಂದ ನನ್ನ ಕೆನ್ನೆಗೆ ಯಾರೂ ಹೊಡೆದಿರಲಿಲ್ಲ.

ಹಿಂದೆಯೇ ಮೈಸೂರಿನಿಂದ ಪ್ರಕಾಶಕರು ಕರೆ ಮಾಡಿದರು. “ಮೇಷ್ಟ್ರೇ, ಹಿಂಬದಿ ಯಾರು ಸ್ವಾಮಿ ಓದ್ತಾರೆ? ನಿಮ್ಮ ಹೆಸರಿದ್ರೆ ಲೈಬ್ರರಿಯವರು ಕೈಗೆತ್ಕೋತಾರೆ. ಆ ಹುಡುಗಿಗೆ ನೀವೇ ಬುದ್ಧಿ ಹೇಳಿ.” ಒಳಪುಟಗಳು ಅಂತಿಮವಾಗಿ ಪುಸ್ತಕದ ಬೆನ್ನು ಎಷ್ಟು ದಪ್ಪ ಎಂಬ ಲೆಕ್ಕ ಸಿಕ್ಕಿತ್ತು, ಲೇಖಕಿಯ ಫೋಟೋ, ಐಎಸ್‌ಬಿಎನ್ ಬಾರ್‌ಕೋಡ್ ಕೂತಾಗಿತ್ತು. ನನ್ನ ಮಾತಿಗೆ ಬಿಟ್ಟ ಜಾಗವೊಂದೇ ಬಾಕಿ. ರಕ್ಷಾಪುಟ ಗುರುವಾರ ಮುದ್ರಣಕ್ಕೆ. ಅಂದು ಮಂಗಳವಾರ.

“ಗುರುವಾರ ಬೆಳಿಗ್ಗೆವರೆಗೆ ಕೊಡಿ,” ಎಂದು ಓದಲು ಕೂತೆ.

ನಾಲ್ಕನೆಯ ಕಥೆಯಲ್ಲಿ ಒಬ್ಬ ರೋಗಿಯನ್ನು ನೋಡಲು ಯಾರೂ ಬರುವುದಿಲ್ಲ. ಪಕ್ಕದ ಹಾಸಿಗೆಯವರು ಕನಿಕರಪಡಬಾರದೆಂದು ನರ್ಸ್ ಪ್ರತಿ ಸಂಜೆ ಸಂದರ್ಶಕರ ಪುಸ್ತಕದಲ್ಲಿ ಒಂದೊಂದು ಹೆಸರು ತಾನೇ ಬರೆಯುತ್ತಾಳೆ: ಅಕ್ಕ, ಭಾವ, ಹಳೆಯ ಗೆಳೆಯ. ಒಂದು ಸಂಜೆ ರೋಗಿ ಕೇಳುತ್ತಾನೆ: ‘ಇವತ್ತು ನನ್ನ ನೋಡೋಕೆ ಯಾರು ಬಂದಿದ್ರು ಸಿಸ್ಟರ್?’ ಅಲ್ಲಿ ಲ್ಯಾಪ್‌ಟಾಪ್ ಮುಚ್ಚಿ, ಕನ್ನಡಕ ಒರೆಸಿಕೊಂಡು, ಅನ್ನಕ್ಕೆ ಇಟ್ಟೆ. ಒಬ್ಬನಿಗೆ ಎಷ್ಟು ಅಕ್ಕಿ ಎಂಬುದು ಆರು ವರ್ಷದಲ್ಲೂ ನನಗೆ ಸರಿಯಾಗಿ ಕೈಗೆ ಹತ್ತಿರಲಿಲ್ಲ.

ಬುಧವಾರ ಸಂಜೆ ಮುಗಿಸಿ ಹೊಸದಾಗಿ ಬರೆದೆ. ಸಂದರ್ಶಕರ ಪುಸ್ತಕದ ಬಗ್ಗೆ ಬರೆದೆ. ‘ಕೊನೆಯ ಕಥೆ ಮಾತ್ರ ಅವಸರದಲ್ಲಿ ಮುಗಿದಿದೆ’ ಎಂದೂ ಬರೆದೆ.

ಗುರುವಾರ ಪ್ರಕಾಶಕರು ರಕ್ಷಾಪುಟದ ಪ್ರೂಫ್ ಕಳಿಸಿದಾಗ ಆ ಸಾಲು ಮಾಯವಾಗಿತ್ತು. ಬೆನ್ನುಡಿಯನ್ನು ಕತ್ತರಿಸುವುದಾದರೆ ಬರೆದವನ ಒಪ್ಪಿಗೆ ಬೇಕು. ಹಿಂದಿನ ನಲವತ್ತೊಂದಕ್ಕೂ ಕಣ್ಣುಮುಚ್ಚಿ ಕೊಟ್ಟಿದ್ದೆ. ಈ ಸಲ ಕೊಡಲಿಲ್ಲ. ಆದರೆ ಪುಸ್ತಕ ಅವಳದು. ಆ ಸಾಲು ಇರಲೇ ಎಂದು ಪೊನ್ನಮ್ಮನಿಗೆ ಫೋನ್ ಮಾಡಿ ಕೇಳಿದೆ.

“ಇರ್ಲಿ ಸಾರ್,” ಎಂದಳು. “ನೈಟ್ ಡ್ಯೂಟಿ ಮಧ್ಯೆ ಬರೆದದ್ದು ಅದು. ನಿಮಗೆ ಹೇಗೆ ಗೊತ್ತಾಯ್ತು?”

“ಓದಿದೆನಮ್ಮ.”

ಪುಸ್ತಕ ಆ ಸಾಲಿನ ಸಮೇತ ಬಂತು. ಹೊಗಳಿಕೆಯ ನಡುವೆ ತಕರಾರು ಹಾಕುವ ಮುದುಕನೆಂದು ಸುದ್ದಿ ಹರಡಿ, ನನ್ನಲ್ಲಿ ಬೆನ್ನುಡಿ ಕೇಳುವವರು ನಿಂತೇ ಹೋದರು. ಕಾಲೇಜಿನಿಂದ ನಿವೃತ್ತಿಯಾದಾಗ ಹಾರವಾದರೂ ಹಾಕಿದ್ದರು. ಈ ಹುದ್ದೆಯಿಂದ ಅದೂ ಇಲ್ಲದೆ ನಿವೃತ್ತನಾದೆ.

ಈ ಕಸುಬು ಕಲಿಸಿದ ಪಾಠ ಸಣ್ಣದು, ಕಲಿತದ್ದು ತಡವಾಗಿ: ನಾನು ಓದದೆಯೇ ಹೊಗಳಿದ ಲೇಖಕರು ಯಾರೂ ತಿರುಗಿ ಪತ್ರ ಬರೆಯುವುದಿಲ್ಲ. ಪೊನ್ನಮ್ಮ ಬರೆಯುತ್ತಾಳೆ, ವರ್ಷಕ್ಕೆ ಎರಡು ಸಲ. ಎರಡನೆಯ ಸಂಕಲನದಲ್ಲಿ ಮೂರು ಕಥೆ ಆಗಿದೆಯಂತೆ. ಉಳಿದದ್ದನ್ನು ನಿಧಾನವಾಗಿ ಬರಿ, ಅವಸರವಿಲ್ಲ ಎಂದು ಉತ್ತರಿಸಿದ್ದೇನೆ. ನನ್ನ ವಯಸ್ಸಿಗೆ ಅವಸರವಿದೆ, ಅದನ್ನು ಬರೆಯಲಿಲ್ಲ.