ನಡು ಚಪ್ಪಟೆಯಾದ ಟೈರು

ಯಲ್ಲಾಪುರದಿಂದ ಅರಬೈಲ್ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ನನ್ನದೊಂದು ಪಂಕ್ಚರ್ ಅಂಗಡಿ. ಗಂಡ ನಡೆಸುತ್ತಿದ್ದ. ಅವನು ಹೋದ ಮೇಲೆ ನಾನು ಮುಚ್ಚಲಿಲ್ಲ, ಅಷ್ಟೇ. ನನ್ನ ಓದು ಎರಡನೇ ಇಯತ್ತೆಗೆ ನಿಂತಿದ್ದು. ಟೈರಿನ ಮೈಮೇಲಿನ ಅಂಕಿ ಓದಲು ಅಷ್ಟು ಸಾಕು. ಮಗ್ಗುಲಲ್ಲಿ ಒಂದು ಕಡೆ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಉಳಿದೆರಡು ವರ್ಷ. ಟೈರು ಯಾವಾಗ ಹುಟ್ಟಿತೆಂದು ಅದು ಹೇಳುತ್ತದೆ.

ನಮ್ಮ ಅಂಗಡಿಗೆ ಜನ ಬರುತ್ತಿದ್ದುದು ಪಂಕ್ಚರಿಗಿಂತ ಹೆಚ್ಚಾಗಿ ಕೊರೆಸಲು. ಸವೆದು ನುಣ್ಣಗಾದ ಟೈರಿಗೆ ಕಾಸಿದ ಅಲಗಿನಿಂದ ಹೊಸದಾಗಿ ಗೀರು ಹಾಕುವ ಕೆಲಸ ಅದು. ಮಳೆಗಾಲ ಹತ್ತಿರ ಬಂತೆಂದರೆ ಸಾಲು ನಿಲ್ಲುತ್ತಿದ್ದರು. ನೋಡಲು ಚೆಂದ ಕಾಣುತ್ತದೆ, ಪೊಲೀಸರೂ ಸುಮ್ಮನಿರುತ್ತಾರೆ. ಗಂಡ ಕಲಿಸಿದ್ದ, ನಾನು ಅವನಿಗಿಂತ ನೇರ ಕೊರೆಯುತ್ತಿದ್ದೆ. ಅದರಿಂದ ಟೈರಿನ ರಬ್ಬರು ಇನ್ನಷ್ಟು ತೆಳ್ಳಗಾಗುತ್ತದೆಂದು ನನಗೆ ಗೊತ್ತಿರಲಿಲ್ಲ ಎನ್ನಲಾರೆ. ಗೊತ್ತಿತ್ತು. ಎಲ್ಲರೂ ಮಾಡುತ್ತಾರೆ, ನಾನೂ ಮಾಡಿದೆ.

ಅಂಕೋಲೆ ಕಡೆಯಿಂದ ದಿನಾ ಬೆಳಿಗ್ಗೆ ಬೈಕಿನ ಮೇಲೆ ಮೀನು ಹೇರಿಕೊಂಡು ಘಟ್ಟ ಹತ್ತಿ ಬರುವ ಒಬ್ಬನಿದ್ದ. ಮಂಚಿಕೇರಿವರೆಗೂ ಮಾರಿ, ಮಧ್ಯಾಹ್ನ ಖಾಲಿ ಪೆಟ್ಟಿಗೆಯೊಂದಿಗೆ ಇಳಿಯುತ್ತಿದ್ದ. ಮಳೆ ಶುರುವಾದ ವಾರ, ಒಂದು ಮಧ್ಯಾಹ್ನ ಇಳಿಯುವಾಗ ನನ್ನ ಅಂಗಡಿಯಲ್ಲಿ ಗಾಡಿ ನಿಲ್ಲಿಸಿದ.

ಹಿಂದಿನ ಟೈರು ನೋಡಿದೆ. ನಡುವೆ ಎರಡು ಬೆರಳಗಲ ಚಪ್ಪಟೆ, ಒರೆಸಿಟ್ಟ ಮಣೆಯ ಹಾಗೆ. ಗೀರಿನ ತಳದಲ್ಲಿ ಸಣ್ಣ ದಿಬ್ಬ ಇಟ್ಟಿರುತ್ತಾರೆ, ಸವೆತ ಅಲ್ಲಿಗೆ ಮುಟ್ಟಿದರೆ ಟೈರು ಮುಗಿಯಿತೆಂದು. ಇವನದು ಆ ದಿಬ್ಬಕ್ಕೆ ಸಮವಾಗಿತ್ತು. ಆದರೆ ಎರಡು ಅಂಚಿನಲ್ಲಿ ರಬ್ಬರು ದಪ್ಪಕ್ಕಿತ್ತು, ಹೊಸ ಟೈರಿನ ಮೈಮೇಲಿರುವ ರಬ್ಬರು ಕೂದಲು ಕೂಡ ಅಲ್ಲಲ್ಲಿ ಉಳಿದಿತ್ತು. ಅಂಕಿ ನೋಡಿದರೆ ಆರು ವರ್ಷದ್ದು. ಉಗುರು ಒತ್ತಿದೆ, ಇಳಿಯಲಿಲ್ಲ.

“ತೆಗದು ಬಿಸಾಕು ತಮಾ,” ಎಂದೆ.

“ಎಂತಕ್ಕೆ ಅಮ್ಮಾ? ಬದಿ ನೋಡಿ, ಹೊಸದೇ ಅದೆ. ತಿರುವಿನಾಗೆ ಗಾಡಿ ಬಗ್ಗಿದ್ರೆ ನೆಲಕ್ಕೆ ತಾಗೂದು ಬದಿ. ನಡು ಹೋದ್ರೆ ಎಂತ ಆತು? ನೀವು ನಡೂಗೆ ಎರಡು ಗೀರು ಹಾಕಿ ಕೊಡಿ ಸಾಕು.”

“ಇದು ಗಟ್ಟಿ ರಬ್ಬರು. ಅದ್ರ ಮೇಲೆ ಮುದಿ ಬೇರೆ ಆಗ್ಯದೆ.”

“ಗಟ್ಟಿ ಅಂತೇ ಹಾಕ್ಸಿದ್ದು. ಮೆತ್ತಂದು ಹಾಕ್ಸಿದ್ರೆ ಈ ಭಾರಕ್ಕೆ ಒಂದು ವರ್ಷ ಬರೂದಿಲ್ಲ. ಮುದಿಯಾದ್ರೆ ಬಿಸಾಕೂದು ಅಂದ್ರೆ ನಿಮ್ಮನ್ನ ಎಂತ ಮಾಡೂದು?”

ಪಕ್ಕದಲ್ಲಿ ನಿಂತವರು ನಕ್ಕರು. ಅವನ ಮಾತು ಅರ್ಧ ಸರಿ ಇತ್ತು. ಅಂಚಿನಲ್ಲಿ ರಬ್ಬರು ಇತ್ತು, ನಿಜ. ಉಳಿದರ್ಧ ಹೇಳಲು ನನಗೆ ಬೇಸರ. ಅವತ್ತು ಕೆಲಸ ಬಹಳವಿತ್ತು, ಸೊಂಟ ನೋಯುತ್ತಿತ್ತು. ಅಲಗು ಕಾಸಿ ಕೊರೆದು ಕೊಟ್ಟೆ.

ಕೊರೆಯುತ್ತಿರುವಾಗಲೇ ಘಟ್ಟದ ಕೆಳಗಿನ ತಂಗಿಯ ಮನೆಯಿಂದ ಫೋನು ಬಂತು. ತಂಗಿ ಜಾರಿಬಿದ್ದು ಕಾಲು ಮುರಿದುಕೊಂಡಿದ್ದಳು, ನೋಡಿಕೊಳ್ಳಲು ಯಾರೂ ಇಲ್ಲ. ಬಸ್ಸು ಸಂಜೆಗೆ. “ನನ್ನ ಗಾಡಿ ಮೇಲೆ ಕೂತ್ಕಳಿ, ಹೋಗೂದು ಅದೇ ದಾರಿ,” ಎಂದ ಮೀನಿನವನು. ಪೆಟ್ಟಿಗೆಯ ಮುಂದೆ ಹತ್ತಿ ಕೂತೆ. ನಾನೇ ಕೊರೆದ ಟೈರಿನ ಮೇಲೆ.

ನೇರ ರಸ್ತೆಯಲ್ಲಿ ಏನೂ ತಿಳಿಯಲಿಲ್ಲ. ಚಪ್ಪಟೆ ಟೈರು ನೇರ ರಸ್ತೆಯಲ್ಲಿ ಬಲು ಸಾಧು. ಘಟ್ಟದ ಮೊದಲ ತಿರುವಿನಲ್ಲಿ ಗೊತ್ತಾಯಿತು. ಅವನು ಗಾಡಿ ಬಗ್ಗಿಸಿದ. ಮುಂದಿನ ಟೈರು ಇನ್ನೂ ದುಂಡಗಿತ್ತು, ಬಗ್ಗಿತು. ಹಿಂದಿನದು ಬಗ್ಗಲು ಒಪ್ಪಲಿಲ್ಲ. ಚಪ್ಪಟೆ ಮುಗಿದು ಅಂಚು ಶುರುವಾಗುವಲ್ಲಿ ಒಂದು ಏಣು, ಮಣೆಯ ಅಂಚಿನಂಥ ಚೂಪು, ಎದ್ದಿರುತ್ತದೆ. ಗಾಡಿ ಆ ಏಣಿನ ಮೇಲೆ ಒಂದು ಗಳಿಗೆ ನಿಂತು, ಆಮೇಲೆ ಧೊಪ್ಪನೆ ಆಚೆ ಮಗ್ಗುಲಿಗೆ ವಾಲಿತು. ವಾಲಿದ್ದು ಕಣ್ಣಿಗೆ ಕಾಣುವುದಿಲ್ಲ, ಹಿಂದೆ ಕೂತವರ ಕುಂಡೆಗೆ ಗೊತ್ತಾಗುತ್ತದೆ. ಆ ಗಳಿಗೆಯಲ್ಲಿ ನೆಲ ಹಿಡಿದಿರುವುದು ಏಣಿನ ತುದಿ ಮಾತ್ರ, ಬೆರಳಗಲ ರಬ್ಬರು. ಅದೂ ಮುದಿ ರಬ್ಬರು.

“ಗಾಡಿ ಧೊಪ್ಪಂತ ವಾಲ್ತದಲ, ಗೊತ್ತಾಗ್ತಾ?” ಎಂದು ಕೇಳಿದೆ.

“ರೂಢಿ ಆಗ್ಯದೆ ಅಮ್ಮಾ. ನಾನು ಅದ್ಕೆ ತಕ್ಕ ಹಾಗೆ ಓಡಿಸ್ತೆ. ನೀವು ಗಟ್ಟಿ ಹಿಡ್ಕಳಿ.”

ರೂಢಿಯಾಗಿದ್ದೇ ತೊಂದರೆ. ಟೈರು ಒಂದೇ ದಿನಕ್ಕೆ ಹೀಗಾಗುವುದಿಲ್ಲ. ದಿನಾ ಒಂದಿಷ್ಟು ಕೆಡುತ್ತದೆ, ಸವಾರನೂ ದಿನಾ ಒಂದಿಷ್ಟು ಹೊಂದಿಕೊಳ್ಳುತ್ತಾನೆ.

ಮಳೆ ಬಂತು. ಜೋರಲ್ಲ, ಲಾರಿಗಳು ರಸ್ತೆಯ ಮೇಲೆ ಸೋರಿಸಿದ ಎಣ್ಣೆ ಎಬ್ಬಿಸುವಷ್ಟು. ಮೂರನೇ ತಿರುವೋ ನಾಲ್ಕನೆಯದೋ, ಎದುರಿಗೆ ಲಾರಿ ಬಂತೆಂದು ಅವನು ಹಿಂದಿನ ಬ್ರೇಕು ಮುಟ್ಟಿದ. ಗಾಡಿಯ ಹಿಂಬದಿ ಜಾರಿ, ನಮ್ಮನ್ನು ಬಿಟ್ಟು ಹೊರಗೆ ಹೊರಟಿತು. ಲಾರಿಯ ಗಾಲಿ ನನ್ನ ಮೊಣಕಾಲಿನ ಹತ್ತಿರ ಹೋಯಿತು. ಅವನು ಬ್ರೇಕು ಬಿಟ್ಟ. ಟೈರು ಎಲ್ಲೋ ಹಿಡಿಯಿತು. ಬೀಳಲಿಲ್ಲ.

“ನಿಲ್ಸು,” ಎಂದೆ.

ಬದಿಗೆ ನಿಲ್ಲಿಸಿದ. ನಾನು ಇಳಿದು ಹಿಂದಿನ ಚಕ್ರದ ಹತ್ತಿರ ಕೂತೆ. ನಾನು ಹಾಕಿದ ಒಂದು ಗೀರಿನ ತಳದಲ್ಲಿ ರಬ್ಬರಿನೊಳಗಿನ ನೂಲು ಕಾಣುತ್ತಿತ್ತು, ಅದರಾಚೆ ಬರೀ ಟ್ಯೂಬು. ಬಿಳಿ ಎಳೆ, ಹರಿದ ಸೀರೆ ಅಂಚಿನ ಹಾಗೆ.

“ಇಲ್ಲಿಂದ ಮುಂದೆ ಈ ಗಾಡಿ ಹೋಗೂದಿಲ್ಲ ತಮಾ.”

“ಎಂತ ಅಮ್ಮಾ ನೀವು, ಇಷ್ಟು ಬಂದಾಗ್ಯದೆ. ಇನ್ನು ಏಳೆಂಟು ತಿರುವು. ನಾಳೆ ಬೆಳಿಗ್ಗೆ ಮೀನು ತರದಿದ್ರೆ ನನ್ನ ಗಿರಾಕಿ ಬೇರೆಯವ್ನ ಹತ್ರ ಹೋಗ್ತಾರೆ. ನಾನು ಸಾವಕಾಶ ಇಳಿಸ್ತೆ. ನೀವು ಬೇಕಾದ್ರೆ ಬಸ್ಸಿಗೆ ಬನ್ನಿ.”

“ಸಾವಕಾಶ ಹೋದ್ರೂ ನೂಲು ನೂಲೇ.”

“ಕೊರೆದದ್ದು ನೀವಲ್ರಾ?”

“ನಾನೇ.”

ಅವನು ಗಾಡಿಗೆ ಕಿಕ್ ಹೊಡೆಯಲು ಕಾಲೆತ್ತಿದ. ಅವನು ಮುಂದೆ ನೋಡುತ್ತಿದ್ದ, ನಾನು ಹಿಂದಿನ ಚಕ್ರದ ಹತ್ತಿರವೇ ಕೂತಿದ್ದೆ. ಗಾಳಿ ತುಂಬುವ ನಳಿಗೆಗೆ ಹಳೇ ಕಾಲದ ಹಿತ್ತಾಳೆ ಮುಚ್ಚಳ ಇತ್ತು. ಅದರ ತುದಿ ಸೀಳಿರುತ್ತದೆ, ತೆಗೆದು ತಲೆಕೆಳಗು ಮಾಡಿ ಒಳಗೆ ತೂರಿಸಿದರೆ ವಾಲ್ವಿನ ಪಿನ್ನು ಬಿಚ್ಚಬಹುದು. ಬಿಚ್ಚಿದೆ. ಗಾಳಿ ಬುಸ್ ಎಂದು ಹೋಯಿತು. ಪಿನ್ನನ್ನು ಎಡಗಡೆಯ ಇಳಿಜಾರಿಗೆ ಎಸೆದೆ.

ಅವನು ಬಾಯಿಗೆ ಬಂದಂತೆ ಬೈದ. ಅರ್ಧ ಕೊಂಕಣಿಯಲ್ಲಿ, ನನಗೆ ಪೂರಾ ತಿಳಿಯಿತು. ತಿರುಗಿ ಬೈಯಲು ನನಗೆ ಹಕ್ಕಿರಲಿಲ್ಲ. ಇಬ್ಬರೂ ಮಳೆಯಲ್ಲಿ ಒಂದು ತಾಸು ನಿಂತೆವು. ಮೇಲಕ್ಕೆ ಹೋಗುವ ಖಾಲಿ ಪಿಕಪ್ಪು ಸಿಕ್ಕಿತು. ಬೈಕನ್ನು ಅದರ ಮೇಲೆ ಮಲಗಿಸಿ ವಾಪಸು ಯಲ್ಲಾಪುರಕ್ಕೆ ಬಂದೆವು.

ಪೇಟೆಯಿಂದ ಅವನು ನನ್ನ ಅಂಗಡಿಗೆ ಹೊಸ ಟೈರು, ಪಿನ್ನು ತಂದ. ನಾನು ಅಂಕಿ ನೋಡಿದೆ, ಆ ವರ್ಷವೇ ಹುಟ್ಟಿದ್ದು. ಹಾಕುವಾಗ ನನ್ನನ್ನು ಮುಟ್ಟಗೊಡಲಿಲ್ಲ. “ನೀವು ಕೈ ಹಚ್ಚೂದು ಬೇಡ,” ಎಂದು ತಾನೇ ಸಬ್ಬಲು ಹಾಕಿ ಕೂಡಿಸಿದ. ಬಿಚ್ಚಿದ ಹಳೆಯದರ ಒಳಗೆ ಅವನು ಕೈಯಾಡಿಸಿದಾಗ, ನೂಲು ಕಂಡಿದ್ದ ಜಾಗದಲ್ಲಿ ಬೆರಳು ಒತ್ತಿದರೆ ಬಗ್ಗುತ್ತಿತ್ತು. ಅವನು ಮೂರು ಸಲ ಒತ್ತಿ ನೋಡಿದ. ನನ್ನ ಕಡೆ ನೋಡಲಿಲ್ಲ.

“ಹೊಸ ರಬ್ಬರಿನ ಮೇಲೆ ನುಣುಪು ಇರ್ತದೆ. ಎರಡು ದಿನ ತಿರುವಿನಾಗೆ ಹೆಚ್ಚು ಬಗ್ಸಬೇಡ. ಸ್ವಲ್ಪ ಉಜ್ಜಿದ ಮೇಲೇ ಹಿಡಿಯೂದು,” ಎಂದೆ.

“ಮತ್ತೆ ಹಿಂದೆ ಕೂತ್ಕಂಡು ಬತ್ರಾ ನೋಡೂಕೆ?”

“ಇಲ್ಲೆ. ಬಸ್ಸು ಬಂತು.”

ಬಸ್ಸಿಗೆ ಹೋದೆ. ತಂಗಿಯ ಮನೆ ಮುಟ್ಟುವಾಗ ದೀಪ ಹಚ್ಚಿದ್ದರು. ಇಷ್ಟು ತಡ ಎಂತಕ್ಕೆ ಎಂದು ಅವಳು ಕೇಳಿದಳು. ಟೈರಿನ ಕೆಲಸ ಇತ್ತು ಎಂದೆ. ಅಂದಿನಿಂದ ಕೊರೆಸಲು ಬಂದವರನ್ನು ಹಾಗೇ ಕಳಿಸುತ್ತೇನೆ. ಅವರು ಶಿರಸಿಗೆ ಹೋಗಿ ಕೊರೆಸಿಕೊಳ್ಳುತ್ತಾರೆ.