ಖರ್ಚಿನ ಕಡೆಗೆ ಬಿದ್ದ ಒಂದು ಸಾಲು

ಬ್ಯಾಂಕಿನ ಗುಮಾಸ್ತರಿಗೆ ಅಕ್ಷರದ ಮೇಲೆ ಎಂಥ ಜಿಪುಣತನವೋ ಕಾಣೆ. ನಾನೂ ಅದೇ ಜಾತಿಯವಳು, ಅದಕ್ಕೇ ಧೈರ್ಯವಾಗಿ ಬೈಯುತ್ತೇನೆ. ಜನರ ದುಡ್ಡನ್ನು ಅವರದೇ ಪುಸ್ತಕದಲ್ಲಿ ಅವರಿಗೇ ಅರ್ಥವಾಗದ ಹಾಗೆ ಬರೆದುಕೊಡುತ್ತಿದ್ದೆವು. ಒಂದು ಟಿ, ಒಂದು ಆರ್, ಮಧ್ಯೆ ಒಂದು ಚುಕ್ಕಿ. ಬರೆದವನಿಗೆ ಅರ್ಧ ನಿಮಿಷ ಉಳಿಯಿತು, ಓದುವವನ ಮನೆ ಹಾಳಾಯಿತು.

ಅರವತ್ತರ ದಶಕದಲ್ಲಿ ನಾನು ಪೇಟೆಯ ಒಂದು ಬ್ಯಾಂಕಿನಲ್ಲಿ ಕೆಲಸಕ್ಕಿದ್ದೆ. ಅಮ್ಮನೂ ನಾನೂ ಹೆಬ್ಬಾಳದ ಹಳೇ ಊರೊಳಗೆ ಒಂದು ರೈತರ ಮನೆಯ ಹಿತ್ತಿಲ ಕೋಣೆಯಲ್ಲಿ ಬಾಡಿಗೆಗಿದ್ದೆವು. ಹೆಂಗಸು ಬ್ಯಾಂಕಿಗೆ ಹೋಗಿ ಬರುವುದೇ ಆಗ ನೋಡುವಂಥ ತಮಾಷೆ. ಊರವರು ನನಗೆ ‘ಬ್ಯಾಂಕಮ್ಮ’ ಎಂದು ಹೆಸರಿಟ್ಟಿದ್ದರು. ಬಸ್ಸು ಇಳಿದು ಬರುವಾಗ ಯಾರಾದರೂ ಅಡ್ಡಗಟ್ಟಿ ತಮ್ಮ ಪಾಸ್‌ಬುಕ್ಕು ತೋರಿಸುತ್ತಿದ್ದರು, ನಾಡಿ ನೋಡಿ ಎನ್ನುವ ಹಾಗೆ. ನನಗೆ ಸಿಟ್ಟು ಬರುತ್ತಿತ್ತು. ಆದರೂ ನೋಡಿ ಹೇಳುತ್ತಿದ್ದೆ.

ಮನೆಯ ಯಜಮಾನರು ಹಳೇ ಕಾಲದ ಮುದುಕರು. ಬರೆಯಲು ಬಾರದು, ಹೆಬ್ಬೆಟ್ಟೇ ಸಹಿ. ಗಂಗಾನಗರದ ಕಡೆ ಇದ್ದ ಅವರ ಹೊಲ ಬಡಾವಣೆಗೆಂದು ಸರ್ಕಾರದ ಪಾಲಾಗಿ, ಪರಿಹಾರದ ಹಣ ನಮ್ಮದಲ್ಲದ ಬೇರೊಂದು ಬ್ಯಾಂಕಿಗೆ ಬಿದ್ದಿತ್ತು. ಆ ವ್ಯವಹಾರದಲ್ಲೇ ಕಚೇರಿಯವರು ಅವರ ಒಂದು ಕಾಗದ ಕಳೆದುಹಾಕಿ, ಕೊಟ್ಟೇ ಇಲ್ಲ ಎಂದು ಸಾಧಿಸಿದ್ದರಂತೆ. ಅಲ್ಲಿಂದಾಚೆ ಯಾವ ಕಾಗದವನ್ನೂ ಫೋಟೋ ತೆಗೆಸದೆ ಅವರು ಪರರ ಕೈಗೆ ಕೊಡುತ್ತಿರಲಿಲ್ಲ. ಯಶವಂತಪುರದ ಸ್ಟುಡಿಯೋದವನು ಮದುಮಕ್ಕಳಿಗಿಂತ ಈ ಮನೆಯ ಕಾಗದಗಳನ್ನೇ ಹೆಚ್ಚು ಕೂರಿಸಿ ಫೋಟೋ ತೆಗೆದಿದ್ದಾನೆ ಎಂದು ಅಮ್ಮ ನಗುತ್ತಿದ್ದಳು.

ಮುದುಕರ ಕಿರಿಮಗ ಹಿಂದೆಯೇ ತೀರಿಕೊಂಡಿದ್ದ. ಅವನ ಹೆಂಡತಿ, ಒಬ್ಬಳು ಹೆಣ್ಣು ಮಗು, ಅದೇ ಮನೆಯಲ್ಲಿ. ಮಾವನ ಕಾಲು ನೀವುವುದು, ಗಂಜಿ ಕುಡಿಸುವುದು, ಬಸ್ಸಿಗೆ ಹತ್ತಿಸಿಕೊಂಡು ಬ್ಯಾಂಕಿಗೆ ಹೋಗಿಬರುವುದು, ಎಲ್ಲ ಅವಳ ಪಾಲಿಗೆ. ಹಿರಿಮಗನಿಗೆ ಪುರಸೊತ್ತಿಲ್ಲ. ಇಟ್ಟಿಗೆ, ಸೈಟು, ಲಾರಿ ಎಂದು ಓಡಾಡುತ್ತಿದ್ದ. ಅವನ ಹೆಂಡತಿಗೆ ಸೊಂಟನೋವು. ಕೆಲಸ ಮಾಡುವವರಿಗೇ ಕೆಲಸ ಮೈಮೇಲೆ ಬೀಳುತ್ತದೆ, ಅಪವಾದವೂ ಅವರ ಮೇಲೇ ಬೀಳುತ್ತದೆ.

ಮುದುಕರು ಸತ್ತರು. ವೈಕುಂಠ ಸಮಾರಾಧನೆ ಮುಗಿದ ಮೇಲೆ ಹಿರಿಮಗ ಪಾಸ್‌ಬುಕ್ಕನ್ನು ಬ್ಯಾಂಕಿಗೆ ಒಪ್ಪಿಸಬೇಕಾಗಿ ಬಂತು. ಖಾತೆದಾರ ಸತ್ತ ಮೇಲೆ ವಾರಸುದಾರರ ಅರ್ಜಿಯ ಜೊತೆ ಅದನ್ನೂ ಕೇಳುತ್ತಾರೆ. ಅಪ್ಪನ ಪದ್ಧತಿ ಬಿಡದೆ ಅವನೂ ಮೊದಲು ಕೊನೆಯ ಪುಟದ ಫೋಟೋ ತೆಗೆಸಿದ. ಫೋಟೋ ಮನೆಗೆ ಬಂದ ದಿನವೇ ಜಗಳ ಶುರುವಾಯಿತು. ಪರಿಹಾರದ ಹಣದ ಹೆಚ್ಚುಪಾಲು ಒಂದೇ ದಿನ ಖರ್ಚಿನ ಕಡೆಗೆ ಬಿದ್ದಿತ್ತು. ಶಿಲ್ಕಿನಲ್ಲಿ ಉಳಿದದ್ದು ಚಿಲ್ಲರೆ. ಆ ತಾರೀಖು ಅವನಿಗೆ ನೆನಪಿತ್ತು, ಊರಹಬ್ಬದ ಹಿಂದಿನ ದಿನ. ಅವತ್ತು ಮುದುಕರನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿದ್ದವಳು ಕಿರಿಸೊಸೆ. ಅವನು ನಾಲ್ಕು ತರಗತಿ ಓದಿದ್ದ, ಇಂಗ್ಲಿಷಿನ ಅಕ್ಷರ ಗುರುತಿಸುತ್ತಿದ್ದ, ಅರ್ಥ ತಿಳಿಯುತ್ತಿರಲಿಲ್ಲ. ಅರ್ಧ ಕಲಿತವನ ಧೈರ್ಯ ಪೂರ್ತಿ ಕಲಿತವನಿಗೆ ಇರುವುದಿಲ್ಲ. ದುಡ್ಡು ತೆಗೆಸಿಕೊಂಡು ತವರಿಗೆ ಸಾಗಿಸಿದ್ದಾಳೆ ಎಂದು ಅಂಗಳದಲ್ಲಿ ನಿಂತು ನಾಲ್ಕು ಜನರ ಮುಂದೆ ತೀರ್ಪು ಕೊಟ್ಟುಬಿಟ್ಟ. ಸೋಮವಾರ ಊರಮ್ಮನ ಗುಡಿಯಲ್ಲಿ ಉರಿಯುವ ಕರ್ಪೂರ ಆರಿಸಿ ಆಣೆ ಮಾಡಬೇಕು, ಇಲ್ಲವೇ ಮಗಳನ್ನು ಕರೆದುಕೊಂಡು ಮನೆ ಬಿಡಬೇಕು ಎಂದ.

ತವರು ಎಂದರೆ ಚಿಕ್ಕಬಾಣಾವರದಲ್ಲಿ ಒಬ್ಬ ಅಣ್ಣ, ಒಂದು ಅಂಕಣದ ಮನೆ, ಅವನಿಗೇ ಐದಾರು ಮಕ್ಕಳು. ಅಲ್ಲಿಗೆ ದುಡ್ಡು ಹೋಗಿದ್ದರೆ ಮಾಡಿನ ಹೆಂಚಾದರೂ ಬದಲಾಗಿರುತ್ತಿತ್ತು.

ಭಾನುವಾರ ಬೆಳಿಗ್ಗೆ ಅವಳು ಸೆರಗಿನೊಳಗೆ ಫೋಟೋ ಇಟ್ಟುಕೊಂಡು ನಮ್ಮ ಕೋಣೆಗೆ ಬಂದಳು. ಮೂರು ಪ್ರತಿ ತೆಗೆಸಿದ್ದರಂತೆ, ಒಂದು ದೇವರ ಗೂಡಿನಲ್ಲಿತ್ತಂತೆ. ನನಗೆ ಒಂದು ವಿಷಯ ಅರ್ಥವಾಗಲಿಲ್ಲ. ತಪ್ಪು ಮಾಡಿಲ್ಲದವಳು ಕರ್ಪೂರ ಆರಿಸಿ ಬರಬಹುದಲ್ಲ, ಯಾಕೆ ಹೆದರುತ್ತೀ ಎಂದು ಗದರಿದೆ. ಅವಳು ಬಾಗಿಲ ಕಡೆ ನೋಡಿ ಮೆಲ್ಲಗೆ ಹೇಳಿದಳು:

“ಎಂಗಮ್ಮಾ ಆಣೆ ಮಾಡ್ಲಿ? ಅವತ್ತು ಏಜೆಂಟ್ರು ನನ್ ಕೈಲೂ ಎಬ್ಬೆಟ್ಟು ಒತ್ತಿಸ್ಕಂಡ್ರು. ಮಾವ ಒತ್ತು ಅಂದ್ರು, ಒತ್ತಿದೆ. ಯಾತಕ್ಕೇಂತ ಕೇಳ್ಲಿಲ್ಲ.”

ಆಗ ಬ್ಯಾಂಕಿನ ಶಾಖೆಯ ದೊಡ್ಡವರನ್ನು ಏಜೆಂಟ್ ಎನ್ನುತ್ತಿದ್ದರು. ಅವರ ಮುಂದೆ ಒತ್ತಿದ ಹೆಬ್ಬೆಟ್ಟಿನಿಂದಲೇ ದುಡ್ಡು ಹೋಗಿರಬಹುದು, ತನಗೆ ತಿಳಿಯದೆ ತಾನೇ ಕಳ್ಳಿಯಾಗಿರಬಹುದು ಎಂದು ಅವಳ ಭಯ. ದೇವರ ಮುಂದೆ ಸುಳ್ಳಾಣೆ ಬಿದ್ದರೆ ಮಗಳಿಗೆ ತಗಲುತ್ತದೆ ಎಂದು ಅತ್ತಳು.

ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಸ್ಟುಡಿಯೋದವನು ಸ್ವಲ್ಪ ಓರೆಯಾಗಿ ತೆಗೆದಿದ್ದ. ನೀಲಿ ಶಾಯಿ ಬಿಳಚಿಕೊಂಡಿತ್ತು, ಆದರೂ ಓದಬಹುದಿತ್ತು. ಬೆರಳಿಟ್ಟು ಒಂದೊಂದೇ ಸಾಲು ಹೇಳುತ್ತಾ ಹೋದೆ.

ಮೇಲ್ಗಡೆ ‘ಬಿ/ಎಫ್’ ಎಂದರೆ ಹಿಂದಿನ ಪುಟದ ಶಿಲ್ಕನ್ನು ಈ ಪುಟಕ್ಕೆ ಎತ್ತಿ ತಂದದ್ದು, ಹೊಸ ದುಡ್ಡಲ್ಲ. ಸಾಲಿನ ಮೊದಲಿಗೆ ‘ಬೈ’ ಇದ್ದರೆ ಖಾತೆಗೆ ಬಂದದ್ದು, ‘ಟು’ ಇದ್ದರೆ ಖಾತೆಯಿಂದ ಹೋದದ್ದು. ‘ಬೈ ಸಿ.ಎಲ್.ಜಿ.’ ಎಂದರೆ ಚೆಕ್ಕು ಇನ್ನೊಂದು ಬ್ಯಾಂಕಿನಿಂದ ವಸೂಲಾಗಿ ಜಮೆಯಾದದ್ದು. ಅದೇ ನಿಮ್ಮ ಹೊಲದ ಹಣ. ‘ಟು ಕ್ಯಾಶ್’ ಎಂದರೆ ಕೈಗೆ ನೋಟು ಎಣಿಸಿಕೊಟ್ಟದ್ದು. ಇಂಥವು ಮೂರು ನಾಲ್ಕು ಇವೆ, ಎಲ್ಲ ಸಣ್ಣ ಮೊತ್ತ. ಔಷಧಿಗೆ, ಗೊಬ್ಬರಕ್ಕೆ ಎಂದು ಅವಳಿಗೇ ನೆನಪಾಯಿತು. ಆಮೇಲೆ ಆ ದೊಡ್ಡ ಮೊತ್ತದ ಸಾಲು ಬಂತು. ಅದರಲ್ಲಿ ‘ಕ್ಯಾಶ್’ ಇರಲಿಲ್ಲ. ‘ಟು ಟಿ.ಆರ್. ಎಫ್.ಡಿ.’ ಎಂದಿತ್ತು.

“ಇದು ಯಾರ ಕೈಗೂ ಹೋಗಿಲ್ಲ ಕಣೇ,” ಎಂದೆ. “ವಾಡೆಯಲ್ಲಿದ್ದ ರಾಗಿ ತೆಗೆದು ನೆಲದೊಳಗಿನ ಹಗೇವಿಗೆ ಸುರಿದು ಬಾಯಿ ಮುಚ್ಚಿದ ಹಾಗೆ. ವಾಡೆ ಬರಿದಾಯಿತು, ರಾಗಿ ಮನೆ ಬಿಟ್ಟು ಹೋಗಲಿಲ್ಲ.”

ಟಿ.ಆರ್. ಎಂದರೆ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸಿದ್ದು. ಎಫ್.ಡಿ. ಎಂದರೆ ಇಷ್ಟು ವರ್ಷ ಎಂದು ಗಡುವು ಹಾಕಿ ಇಟ್ಟ ಇಡುಗಂಟು. ಅದರ ಕೆಳಗೆ ‘ಬೈ ಐ.ಎನ್.ಟಿ. ಎಫ್.ಡಿ.’ ಎಂದು ಎರಡು ಸಣ್ಣ ಜಮೆಗಳಿದ್ದವು. ಆ ಇಡುಗಂಟಿನಿಂದ ಬಂದ ಬಡ್ಡಿ ಅದು. ಗಂಟು ಇಲ್ಲದೆ ಬಡ್ಡಿ ಎಲ್ಲಿಂದ ಬರಬೇಕು? ಹಾಗಾದರೆ ಅವಳ ಹೆಬ್ಬೆಟ್ಟು ಯಾಕೆ? ಫೋಟೋ ಅದನ್ನು ಹೇಳುವುದಿಲ್ಲ. ಆದರೆ ನಾನು ಬ್ಯಾಂಕಿನವಳು, ಊಹಿಸಬಲ್ಲೆ. ಇಡುಗಂಟನ್ನು ಇಬ್ಬರ ಹೆಸರಿನಲ್ಲಿ ಇಟ್ಟರೆ ಇಬ್ಬರ ಗುರುತೂ ಬೇಕು. ಒಬ್ಬರು ಹೋದರೆ ಉಳಿದವರಿಗೆ ಕೊಡಬೇಕೆಂದು ಬರೆಸಬಹುದು. ಹಾಗಿದ್ದರೆ ರಶೀದಿಯಲ್ಲಿ ಅವಳ ಹೆಸರೂ ಇರುತ್ತದೆ ಎಂದೆ.

ಅವಳು ನನ್ನ ಮಾತಿನ ಕೊನೆಯ ಅರ್ಧ ಕೇಳಿಸಿಕೊಳ್ಳಲೇ ಇಲ್ಲ. ಕದ್ದಿಲ್ಲ ಎನ್ನುವುದಷ್ಟೇ ಅವಳ ಕಿವಿಗೆ ಬಿದ್ದದ್ದು. ಕಣ್ಣೊರೆಸಿಕೊಂಡು, ಇದನ್ನೇ ಭಾವನ ಮುಂದೆ ಒಂದು ಸಲ ಹೇಳಿ ಎಂದು ಕೈ ಮುಗಿದಳು.

ಹೇಳಿದೆ. ಅಂಗಳದಲ್ಲೇ, ಅವನು ದೂರು ಹೊರಿಸಿದ ಜಾಗದಲ್ಲೇ, ಅದೇ ನಾಲ್ಕು ಜನರ ಮುಂದೆ ಹೇಳಿದೆ. ಹಿರಿಮಗ ಮೊದಲು ಬಾಡಿಗೆಯವರಿಗೆ ಮನೆಯ ವಿಚಾರ ಯಾಕೆ ಎಂದು ಗುರುಗುಟ್ಟಿದ. ಬಡ್ಡಿಯ ಸಾಲು ತೋರಿಸಿದ ಮೇಲೆ ಒಳಗೆ ಹೋಗಿ ಅಪ್ಪನ ಟ್ರಂಕಿನ ಬೀಗ ತೆಗೆದ. ಹಳೇ ಪಂಚೆಯ ಮಡಿಕೆಯಲ್ಲಿ ರಶೀದಿ ಸಿಕ್ಕಿತು. ನನ್ನ ಕೈಯಲ್ಲೇ ಓದಿಸಿದ. ಮುದುಕರ ಹೆಸರು, ಪಕ್ಕದಲ್ಲಿ ಅವಳ ಹೆಸರು, ಇಬ್ಬರಲ್ಲಿ ಒಬ್ಬರಿಗೆ ಅಥವಾ ಬದುಕುಳಿದವರಿಗೆ ಸಲ್ಲತಕ್ಕದ್ದು. ಕಾಲು ನೀವಿದವಳಿಗೆ ಮುದುಕರು ಬಾಯಿಬಿಟ್ಟು ಒಂದು ಒಳ್ಳೇ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ.

ಕರ್ಪೂರದ ಮಾತು ಅಲ್ಲಿಗೆ ನಿಂತಿತು. ಯಾರೂ ತಪ್ಪಾಯಿತು ಎನ್ನಲಿಲ್ಲ. ಸಂಜೆ ಓರಗಿತ್ತಿ ತಾನೇ ಅವಳಿಗೆ ಕಾಫಿ ಮಾಡಿ ಕೊಟ್ಟಳು. ಆ ಉಪಚಾರ ರಶೀದಿಯ ಮೇಲಿನ ಆಸೆಗೆ ಎಂದು ಅದನ್ನು ಕಂಡಾಗಲೇ ನನಗೆ ಅನುಮಾನ ಬಂತು. ಅವಳನ್ನು ಬಾವಿಯ ಹತ್ತಿರ ಕರೆದು, ಆ ರಶೀದಿ ಕೇಳಿ ಇಸಿದುಕೋ, ಅದು ನಿನ್ನದು, ನಿನ್ನ ಹೆಬ್ಬೆಟ್ಟಿಲ್ಲದೆ ಬ್ಯಾಂಕಿನವರು ಒಂದು ಕಾಸೂ ಬಿಚ್ಚುವುದಿಲ್ಲ ಎಂದು ಬಿಡಿಸಿ ಹೇಳಿದೆ. ಎಲ್ಲ ಕಾಗದಕ್ಕೂ ಫೋಟೋ ತೆಗೆಸುವ ಮನೆ ಅಲ್ಲವೇ, ಇದಕ್ಕೂ ಒಂದು ತೆಗೆಸು ಎಂದೆ. ಎಲ್ಲದಕ್ಕೂ ತಲೆಯಾಡಿಸಿದಳು.

ಆ ರಶೀದಿಗೆ ಮಾತ್ರ ಫೋಟೋ ತೆಗೆಸಲಿಲ್ಲ.

ಆ ವಾರ ಕಳೆಯುವಷ್ಟರಲ್ಲಿ ಒಂದು ಸಂಜೆ ನಾನು ಕೆಲಸದಿಂದ ಬಂದಾಗ ಅವಳು ಬಾವಿಕಟ್ಟೆಯ ಮೇಲೆ ಕೂತು ಹುಣಸೆಹಣ್ಣು ಹಾಕಿ ಎಡಗೈ ಹೆಬ್ಬೆರಳು ಉಜ್ಜುತ್ತಿದ್ದಳು. ಬೆರಳ ತುದಿ ನೇರಳೆಯಾಗಿತ್ತು. ಏನು ನಡೆದಿದೆ ಎಂದು ಕೇಳುವ ಅಗತ್ಯವಿರಲಿಲ್ಲ, ಅವಳೇ ಹೇಳಿದಳು. ಭಾವನೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದ. ರಶೀದಿಯ ಹಿಂಭಾಗದಲ್ಲಿ ರೆವಿನ್ಯೂ ಸ್ಟಾಂಪು ಅಂಟಿಸಿ, ಅದರ ಮೇಲೆ ಒತ್ತಿಸಿ, ಗಡುವಿಗೆ ಮುಂಚೆಯೇ ಇಡುಗಂಟು ಒಡೆಸಿ, ಬಂದ ಹಣವನ್ನು ತನ್ನ ಖಾತೆಗೆ ಹಾಕಿಸಿಕೊಂಡಿದ್ದ. ಏಜೆಂಟರು ಧರ್ಮಕ್ಕೆ ಎರಡು ಸಲ ಕೇಳಿದರಂತೆ, ನಿಮ್ಮ ಒಪ್ಪಿಗೆ ಇದೆಯೇನಮ್ಮ ಎಂದು. ಅವಳು ಇದೆ ಎಂದಳಂತೆ.

ನಿನಗೆ ಬುದ್ಧಿ ಇದೆಯಾ, ಅಷ್ಟು ಬಿಡಿಸಿ ಹೇಳಿದ್ದೆನಲ್ಲ, ನೀರಲ್ಲಿ ಹೋಮ ಮಾಡಿದ ಹಾಗಾಯಿತಲ್ಲ ಎಂದು ಕೂಗಾಡಿದೆ. ಅಮ್ಮ ಒಳಗಿನಿಂದ ಬಂದು ನನ್ನ ರಟ್ಟೆ ಹಿಡಿದಳು. ಬೆರಳು ಉಜ್ಜುತ್ತಿದ್ದವಳು ಕೋಪಿಸಿಕೊಳ್ಳಲಿಲ್ಲ. ಮಗು ಪಡಸಾಲೆಯಲ್ಲಿ ಓರಗಿತ್ತಿಯ ಮಕ್ಕಳ ಜೊತೆ ಕೂತು ಉಣ್ಣುತ್ತಿತ್ತು. ಅತ್ತ ಒಂದು ಸಲ ನೋಡಿದಳು.

“ದುಡ್ಡು ಮಡಿಕ್ಕಂಡು ಈ ಎಣ್ಣು ಕೂಸ್ನ ಕರ್ಕಂಡು ಎಲ್ಲಿಗೋಗ್ಲಿ ಏಳಿ,” ಎಂದಳು. ಬೆರಳನ್ನು ನೀರಿಗೆ ಅದ್ದಿ ಮತ್ತೆ ಉಜ್ಜಿದಳು. “ಅವತ್ತು ಯಾತಕ್ಕೇಂತ ಗೊತ್ತಿಲ್ದೆ ಒತ್ತಿದ್ದೆ ಕಣಮ್ಮ. ಇವತ್ತು ನೀವು ಏಳ್ಕೊಟ್ಟಿದ್ರಿ. ಎಲ್ಲಾ ಗೊತ್ತಿದ್ದೇ ಒತ್ತಿದೆ.”