ಮೊಸರು ಬಿಟ್ಟ ನೀರು

ನನ್ನ ಖಾನಾವಳಿಗೆ ಮೊಸರು ಕೊಳ್ಳಲು ಮಸ್ಕಿ ಸಂತೆಗೆ ಹೋಗಿದ್ದೆ. ಕುರುಬರ ಮುದುಕಿಯೊಬ್ಬಳ ಗಡಿಗೆಯಲ್ಲಿ ಮೊಸರಿನ ಮೇಲೆ ತಿಳಿಹಳದಿ ನೀರು ನಿಂತಿತ್ತು. “ನೀರು ಬೆರಸೀಯೇನಬೇ?” ಎಂದು ಎಲ್ಲರೆದುರು ಕೂಗಿ, ಆ ನೀರನ್ನು ನೆಲಕ್ಕೆ ಬಗ್ಗಿಸಿದೆ.

“ತಲೀ ಮ್ಯಾಲ ಹೊತ್ತು ತಂದೀನೋ ಯಪ್ಪಾ, ಕುಲುಕಿ ಒಡದೈತಿ. ಅದು ಮೊಸರ ಬಿಟ್ಟ ನೀರು. ಕಲಸಿದ್ರ ಕೂಡತೈತಿ. ಗಟ್ಟಿ ಬೇಕಂದ್ರ ನಾನ ಬಸದು ಕೊಡತಿದ್ದೆ,” ಎಂದಳು. ಅಂದು ಅವಳ ಮೊಸರನ್ನು ಯಾರೂ ಕೊಳ್ಳಲಿಲ್ಲ.

ಮೊಸರು ಕೊಳ್ಳದೆ ಮರಳಿ, ಆ ರಾತ್ರಿ ನಾನೇ ಹಾಲಿಗೆ ಹೆಪ್ಪು ಹಾಕಿದೆ. ಮರುದಿನ ಆ ಗಡಿಗೆಯಿಂದ ಒಂದು ಸೌಟು ಮೊಸರು ತೆಗೆದೆ. ಸ್ವಲ್ಪ ಹೊತ್ತಿಗೆ ಆ ಕುಳಿಯಲ್ಲಿ ಅದೇ ನೀರು ಕೂಡಿತ್ತು. ಕಲಸಿದೆ, ಮೊಸರಲ್ಲಿ ಬೆರೆತುಹೋಯಿತು.

ಮುಂದಿನ ಸಂತೆಯಲ್ಲಿ ಅವಳ ಮೊಸರನ್ನೆಲ್ಲ ಕೊಂಡೆ. ಅಷ್ಟು ಜೋರಾಗಿ ಕೂಗಿದ್ದವನಿಗೆ, ತಪ್ಪು ನನ್ನದೆಂದು ಮೆಲ್ಲಗೆ ಹೇಳಲೂ ಬಾಯಿ ಬರಲಿಲ್ಲ.